‘ಆತು ಸಾರ್’ ಅಂದ ಮೇಲೆ

ಮೆಕ್ಕೆಜೋಳದ ಸೀಸನ್ನಿನಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನ ಮಂಡಿಗಳಿಗೆ ಸಂಜೆ ಏಳು ಗಂಟೆ ಅಂದರೆ ಬಹಳ ಬಿಗಿಯಾದ ಹೊತ್ತು. ತೂಕ ಮುಗಿದಿರುತ್ತದೆ, ಹಮಾಲರು ಕೈಕಾಲು ತೊಳೆಯುತ್ತಿರುತ್ತಾರೆ, ದುಡ್ಡಿಗಾಗಿ ಕಾದ ರೈತರು ಕಟ್ಟೆಯ ಮೇಲೆ ಕೂತಿರುತ್ತಾರೆ. ಬಿಲ್ ಬರೆಯುವ ಗುಮಾಸ್ತರ ಕೆಲಸ ಮಾತ್ರ ಆಗಷ್ಟೇ ಶುರು. ಅಂಥ ಒಂದು ಸಂಜೆ ಗುಮಾಸ್ತ ಮಂಜಣ್ಣ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು ಹೇಳುತ್ತಾರೆ: “ಸಾರ್, ಇನ್ ಮೇಲೆ ರಾತ್ರಿ ಬಿಲ್ ನನ್ ಕೈಲಿ ಆಗಲ್ಲ.”

ಈ ಮಂಜಣ್ಣ, ಈ ಮಂಡಿ ಎರಡೂ ಉದಾಹರಣೆಗಾಗಿ ಕಟ್ಟಿಕೊಂಡವು. ಆದರೆ ವಾಕ್ಯ ಕಟ್ಟಿಕೊಂಡದ್ದಲ್ಲ. ಗಾರ್ಮೆಂಟ್ಸ್ ಘಟಕದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಸೊಸೈಟಿಯ ಕೌಂಟರಿನಲ್ಲಿ ಇದೇ ವಾಕ್ಯ ಬೇರೆ ಬೇರೆ ಬಾಯಲ್ಲಿ ದಿನವೂ ಬರುತ್ತದೆ. ಅದಕ್ಕೆ ಬರುವ ಉತ್ತರಗಳೂ ಹೆಚ್ಚುಕಡಿಮೆ ಮೂರೇ. “ಸೀಸನ್ ಮುಗಿಯೋವರೆಗೆ ತಡ್ಕೊಳ್ರಿ” ಅನ್ನುವ ಸಮಾಧಾನ. “ಒಬ್ಬ ಹುಡುಗನ್ನ ಕೊಡ್ತೀನಿ, ಅವನ ಹತ್ರ ಬರೆಸ್ರಿ” ಅನ್ನುವ ಪರಿಹಾರ. “ಎಲ್ಲರಿಗೂ ಕಷ್ಟ ಐತಿ ಮಂಜಣ್ಣ, ನಾನೂ ಹತ್ತರ ತನಕ ಕೂತಿರ್ತೀನಲ್ಲ” ಅನ್ನುವ ಹೋಲಿಕೆ. ಮೂರಕ್ಕೂ ಮಂಜಣ್ಣ ಕೊಡುವ ಉತ್ತರ ಒಂದೇ: “ಆತು ಸಾರ್.” ಮಾತುಕತೆ ಅಲ್ಲಿಗೆ ಮುಗಿಯುತ್ತದೆ. ಆಗಲ್ಲ ಅಂದದ್ದು ಏನು ಎಂಬುದು ಇಬ್ಬರಲ್ಲಿ ಒಬ್ಬರಿಗೆ ಗೊತ್ತಾಗಲೇ ಇಲ್ಲ.

‘ಆತು’ ಅಥವಾ ‘ಆಯ್ತು’ ಎಂಬ ಈ ಪದವನ್ನು ಮೇಲ್ವಿಚಾರಣೆ ಮಾಡುವವರು ಸ್ವಲ್ಪ ಹತ್ತಿರದಿಂದ ನೋಡಬೇಕು. ರೂಪದಲ್ಲಿ ಅದು ಭೂತಕಾಲ, ಆಗಿಹೋಯಿತು ಎಂದರ್ಥ. ಬಳಕೆಯಲ್ಲಿ ಅದಕ್ಕೆ ಕನಿಷ್ಠ ನಾಲ್ಕು ಅರ್ಥಗಳಿವೆ: ಮಾಡ್ತೀನಿ, ಕೇಳಿಸ್ಕೊಂಡೆ, ಮುಗೀತು, ಸಾಕು ಬಿಡಿ. ಕೆಳಗಿನ ಸ್ಥಾನದಲ್ಲಿರುವವರು ಮೇಲಿನವರಿಗೆ ಮರ್ಯಾದೆಯಿಂದ ‘ನನ್ನ ಮಾತು ನಿಮಗೆ ಮುಟ್ಟಲಿಲ್ಲ’ ಅಂತ ಹೇಳುವ ದಾರಿಯೂ ಅದೇ. ಎಲ್ಲದಕ್ಕೂ ಒಂದೇ ಪದ ಇರುವುದರಿಂದ ಕೇಳಿದವರು ತಮಗೆ ಬೇಕಾದ ಅರ್ಥವನ್ನು ಎತ್ತಿಕೊಂಡು ನಿಶ್ಚಿಂತೆಯಿಂದ ಫೋನ್ ಕಡೆ ತಿರುಗುತ್ತಾರೆ. ಮಾತು ಶುರುವಾದ ಅರ್ಧ ನಿಮಿಷದೊಳಗೆ ‘ಆತು’ ಬಂತೆಂದರೆ ಅದು ಒಪ್ಪಿಗೆ ಅಲ್ಲವೆಂದೇ ತಿಳಿಯುವುದು ಕ್ಷೇಮ.

ಹಾಗಾದರೆ ಆ ಅರ್ಧ ನಿಮಿಷದಲ್ಲಿ ಏನು ಮಾಡಬೇಕಿತ್ತು? ಸಕ್ರಿಯ ಆಲಿಸುವಿಕೆ, ಅಂದರೆ ಎದುರಿನವರ ಮಾತನ್ನು ಗಮನವಿಟ್ಟು ಕೇಳಿಸಿಕೊಳ್ಳುವ ವಿದ್ಯೆಯ ಹೆಚ್ಚಿನ ತರಬೇತಿಗಳಲ್ಲಿ ಹೇಳಿಕೊಡುವುದು ಮೂರು ಕೆಲಸ: ಬಾಯಿ ಹಾಕದೆ ಸ್ವಲ್ಪ ತಡೆಯುವುದು, ಕೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳುವುದು, ಬಿಚ್ಚಿ ಮಾತಾಡಲು ಜಾಗ ಕೊಡುವ ಪ್ರಶ್ನೆ ಕೇಳುವುದು. ಹೇಳುವಾಗ ಸುಲಭ ಅನ್ನಿಸುತ್ತದೆ. ಆದರೆ ಈ ಮೂರನ್ನೂ ಇಂಗ್ಲಿಷಿನ ಮಾದರಿ ವಾಕ್ಯಗಳಿಂದ ಕಲಿತು ಕನ್ನಡದಲ್ಲಿ ಆಡಲು ಹೋದಾಗ ಮಾತು ಎಡವುತ್ತದೆ. ಕನ್ನಡಕ್ಕೆ ಅದರದೇ ಅನುಕೂಲಗಳಿವೆ, ಅದರದೇ ಗುಂಡಿಗಳೂ ಇವೆ.

ಮೊದಲು ತಡೆಯುವುದನ್ನು ನೋಡೋಣ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಗಿದೆಯೋ ಆಗಿಲ್ಲವೋ, ಮಾಡಿದವನು ತಾನೋ ಇನ್ನೊಬ್ಬನೋ ಎಲ್ಲವೂ ಆ ಕೊನೆಯ ಪದದಲ್ಲೇ ಕೂತಿರುತ್ತದೆ. “ನಿನ್ನೆ ಆ ಹರಿಹರದ ರೈತರ ಲಾಟಿನ ತೂಕದ ಚೀಟಿ ನನ್ ಕೈಗೆ…” ಎಂಬಲ್ಲಿಗೆ ನಾವು ಬಾಯಿ ಹಾಕಿದರೆ, ಮುಂದೆ ‘ಬಂದಿತ್ತು’ ಇತ್ತೋ ‘ಬಂದಿರ್ಲಿಲ್ಲ’ ಇತ್ತೋ ನಮಗೆ ಗೊತ್ತಿಲ್ಲ. ನಮ್ಮ ತಲೆಯಲ್ಲಿ ಮೊದಲೇ ಇದ್ದ ಕ್ರಿಯಾಪದವನ್ನು ನಾವೇ ಸೇರಿಸಿಕೊಂಡಿರುತ್ತೇವೆ. ಮಧ್ಯೆ ಮಾತು ಕಡಿಯುವುದು ಎಲ್ಲ ಭಾಷೆಯಲ್ಲೂ ಒರಟು. ಕನ್ನಡದಲ್ಲಿ ಅದರ ಮೇಲೆ ಅರ್ಥವನ್ನೇ ಬಾಲದ ಕಡೆಯಿಂದ ಕತ್ತರಿಸಿದಂತೆ ಆಗುತ್ತದೆ.

ನಾವು ಕಾಯದಿರುವುದಕ್ಕೆ ಕಾರಣ ದುರುದ್ದೇಶವಲ್ಲ. ಮಾತಿನ ವೇಗವೇ ಹಾಗಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 10 ಭಾಷೆಗಳ ಸಹಜ ಮಾತುಕತೆಯನ್ನು ಅಳೆದು ನೋಡಿತು. ಹೌದು-ಅಲ್ಲ ಬೇಡುವ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವಿನ ಸರಾಸರಿ ಬಿಡುವು ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ. ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುವ ಜಪಾನಿ ಭಾಷೆಯಲ್ಲಿ ಅದು ಇನ್ನೂ ಕಡಿಮೆ. ಇಷ್ಟು ಬೇಗ ಉತ್ತರ ಬರಬೇಕಾದರೆ ಎದುರಿನವರು ಮಾತಾಡುತ್ತಿರುವಾಗಲೇ ನಮ್ಮ ತಲೆಯಲ್ಲಿ ಉತ್ತರದ ಅಡುಗೆ ಶುರುವಾಗಿರಬೇಕು. ಅಂದರೆ ಸುಮ್ಮನೆ ಅಭ್ಯಾಸಬಲದಿಂದ ಮಾತಾಡಿದರೆ, ವಾಕ್ಯದ ಕೊನೆಯ ಭಾಗ ಕಿವಿಗೆ ಬೀಳುವ ಹೊತ್ತಿಗೆ ನಮ್ಮ ಗಮನ ಆಗಲೇ ನಮ್ಮ ಉತ್ತರದ ಮೇಲಿರುತ್ತದೆ.

ಎಷ್ಟು ಹೊತ್ತು ತಡೆಯಬೇಕು ಎಂಬುದಕ್ಕೆ ಒಂದು ಒಳ್ಳೆಯ ಅಂದಾಜು ಶಾಲೆಗಳಿಂದ ಬಂದಿದೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದಿರುವುದು ಕಡಿಮೆಯಾಯಿತು. ಪ್ರಶ್ನೆಯ ನಂತರದ ಬಿಡುವಿನಷ್ಟೇ ಮಗು ಉತ್ತರ ಕೊಟ್ಟ ನಂತರದ ಬಿಡುವೂ ಮುಖ್ಯ ಎಂಬುದು ಅವರ ಕೆಲಸದ ಅಮೂಲ್ಯ ಭಾಗ. ಕಚೇರಿಯಲ್ಲಿ ನಾವು ಹೆಚ್ಚು ಮರೆಯುವುದು ಈ ಎರಡನೆಯದನ್ನು. ಪ್ರಶ್ನೆ ಕೇಳಿ ಕಾಯುವ ತಾಳ್ಮೆ ಇದ್ದವರೂ, ಉತ್ತರದ ಮೊದಲ ವಾಕ್ಯ ಮುಗಿದ ತಕ್ಷಣ ಹಿಡಿದುಕೊಳ್ಳುತ್ತಾರೆ. ಕಷ್ಟದ ಮಾತು ಸಾಮಾನ್ಯವಾಗಿ ಎರಡನೆಯ ವಾಕ್ಯದಲ್ಲಿರುತ್ತದೆ. ಮೊದಲನೆಯದು ನೆಲ ಗಟ್ಟಿ ಇದೆಯೋ ಅಂತ ಕಾಲಿಟ್ಟು ನೋಡುವುದು.

ಮೂರು ಸೆಕೆಂಡನ್ನು ಮನಸ್ಸಿನಲ್ಲಿ ಎಣಿಸಲು ಹೋಗಬಾರದು. ಎಣಿಸುವವನು ಕೇಳಿಸಿಕೊಳ್ಳುವುದಿಲ್ಲ, ಕಣ್ಣಿನಲ್ಲೂ ಅದು ಕಾಣುತ್ತದೆ. ಒಂದು ಉಸಿರು ನಿಧಾನವಾಗಿ ಒಳಗೆ ತೆಗೆದುಕೊಂಡು ಬಿಟ್ಟರೆ ಅಷ್ಟು ಹೊತ್ತು ಆಗುತ್ತದೆ. ಟೀ ಲೋಟ ಕೈಯಲ್ಲಿದ್ದರೆ ಒಂದು ಗುಟುಕು. ಮಂಡಿಯಲ್ಲಿ ಕಷ್ಟಸುಖದ ಮಾತನ್ನು ಟೀ ತರಿಸಿಕೊಂಡು ಆಡುವ ರೂಢಿ ಇದೆಯಲ್ಲ, ಅದರಲ್ಲಿ ಈ ಉಪಕಾರವೂ ಅಡಗಿದೆ.

ತಡೆಯುವುದು ಕೆಡುವುದು ಹೇಗೆ? ಮೌನಕ್ಕೂ ಸ್ಥಾನಮಾನದ ತೂಕ ಇರುತ್ತದೆ. ಸಮಾನರ ನಡುವೆ ಐದಾರು ಸೆಕೆಂಡ್ ಸುಮ್ಮನಿದ್ದರೆ ಅದು ಯೋಚನೆ. ಮ್ಯಾನೇಜರ್ ಸುಮ್ಮನೆ ನೋಡುತ್ತ ಅಷ್ಟೇ ಹೊತ್ತು ಕೂತರೆ ಎದುರು ನಿಂತವರಿಗೆ ಅದು ವಿಚಾರಣೆ. ಆದ್ದರಿಂದ ಮೌನಕ್ಕೆ ಜೊತೆಯಾಗಿ ಏನಾದರೂ ಇರಬೇಕು: ಕುರ್ಚಿ ತೋರಿಸುವುದು, ಪೆನ್ನು ಕೆಳಗಿಡುವುದು, ಒಂದು ಸಣ್ಣ ‘ಹ್ಞೂಂ’. ದೃಷ್ಟಿಯನ್ನೂ ಮುಖದ ಮೇಲೇ ನೆಡಬಾರದು. ಫೋನಿನಲ್ಲಿ ಮೌನ ನಡೆಯುವುದಿಲ್ಲ, ಲೈನ್ ಕಟ್ ಆಯ್ತು ಅಂದುಕೊಂಡು “ಹಲೋ, ಹಲೋ” ಶುರುವಾಗುತ್ತದೆ. ಅಲ್ಲಿ “ಕೇಳ್ತಾ ಇದೀನಿ, ಹೇಳಿ” ಎಂದು ಬಾಯಿಬಿಟ್ಟು ಹೇಳಿ ನಂತರ ಸುಮ್ಮನಾಗಬೇಕು.

ಇನ್ನು ತಿರುಗಿ ಹೇಳುವುದು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಅವರ ಜೊತೆಗಾರ ರಿಚರ್ಡ್ ಫಾರ್ಸನ್ 1957ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಕೈಗಾರಿಕಾ ಸಂಬಂಧಗಳ ಕೇಂದ್ರದಿಂದ ಒಂದು ಕಿರುಹೊತ್ತಗೆ ತಂದರು. ಸಕ್ರಿಯ ಆಲಿಸುವಿಕೆ ಎಂಬ ಮಾತು ಕಾರ್ಖಾನೆ, ಕಚೇರಿಗಳಿಗೆ ಹಬ್ಬಿದ್ದು ಅದರಿಂದ. ಚಿಕಿತ್ಸೆಯ ಕೋಣೆಯಿಂದ ಹುಟ್ಟಿದ ವಿದ್ಯೆಯಾದರೂ ಆ ಬರಹದ ಉದಾಹರಣೆಗಳು ಫೋರ್‌ಮನ್ ಮತ್ತು ಮೇಲಧಿಕಾರಿಗಳ ಮಾತುಗಳು. ಅದಕ್ಕೂ ಕೆಲವು ವರ್ಷ ಮೊದಲೇ ರೋಜರ್ಸ್ ಜಗಳವಾಡುವವರಿಗೆ ಒಂದು ನಿಯಮ ಸೂಚಿಸಿದ್ದರು: ಹಿಂದಿನವರು ಹೇಳಿದ ವಿಚಾರವನ್ನೂ ಭಾವನೆಯನ್ನೂ ಅವರೇ ಒಪ್ಪುವ ಹಾಗೆ ತಿರುಗಿ ಹೇಳಿದ ಮೇಲೆಯೇ ನಿಮ್ಮ ಮಾತು ಆಡಬಹುದು. ಇಲ್ಲಿ ತೂಕದ ಪದ ‘ಅವರೇ ಒಪ್ಪುವ ಹಾಗೆ’ ಎಂಬುದು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ತೀರ್ಮಾನಿಸುವವನು ಕೇಳಿದವನಲ್ಲ, ಹೇಳಿದವನು.

ಇದನ್ನು ಗಿಳಿಪಾಠ ಮಾಡಿದರೆ ಸೋಲುತ್ತದೆ. “ರಾತ್ರಿ ಬಿಲ್ ನನ್ ಕೈಲಿ ಆಗಲ್ಲ” ಅಂದವರಿಗೆ “ರಾತ್ರಿ ಬಿಲ್ ನಿಮ್ ಕೈಲಿ ಆಗಲ್ಲ ಅಂತೀರಿ” ಅಂದರೆ ಅದು ನಮ್ಮ ಕಡೆ ಅಣಕಿಸಿದ ಹಾಗೆ, ಇಲ್ಲವೇ ಸಾಕ್ಷಿ ಬರೆದುಕೊಂಡ ಹಾಗೆ ಕೇಳುತ್ತದೆ. ತಿರುಗಿ ಹೇಳುವುದು ಅಂದರೆ ಅವರ ಮಾತಿನ ಒಳಗಿದ್ದದ್ದನ್ನು ಅವರ ಮಾತಿಗಿಂತ ಕಡಿಮೆ ಪದಗಳಲ್ಲಿ ಎತ್ತಿ ಅವರ ಮುಂದೆ ಇಡುವುದು. ಅದರಲ್ಲಿ ಎರಡು ಪದರ ಇರುತ್ತದೆ, ಸಂಗತಿ ಮತ್ತು ಮನಸ್ಸು. ಮೊದಲ ಸುತ್ತಿನಲ್ಲಿ ಸಂಗತಿ ಹಿಡಿದರೆ ಸಾಕು. ಮನಸ್ಸಿನ ಪದರವನ್ನು ಎರಡನೆಯ, ಮೂರನೆಯ ಸುತ್ತಿನಲ್ಲಿ, ಅದು ತಾನಾಗಿ ಕಾಣಿಸಿಕೊಂಡಾಗ ಮುಟ್ಟಬೇಕು. ಮುಟ್ಟುವಾಗಲೂ ಒಂದು ಮೆಟ್ಟಿಲು ಕೆಳಗಿನ ಪದ ಆರಿಸುವುದು ಒಳ್ಳೆಯದು. ಸಿಟ್ಟು ಅನ್ನಿಸಿದರೂ ‘ಬೇಜಾರು’ ಅನ್ನಿ. ಬೇಜಾರು ಅಂದರೆ ಅವರು “ಬೇಜಾರಲ್ಲ ಸಾರ್, ಸಿಟ್ಟೇ ಬಂತು” ಅಂತ ಮೇಲೆ ಹತ್ತುತ್ತಾರೆ. ‘ಸಿಟ್ಟು ಬಂದಿದೆ ನಿಮಗೆ’ ಅಂದುಬಿಟ್ಟರೆ “ಛೆ, ಸಿಟ್ಟೇನಿಲ್ಲ ಸಾರ್” ಅಂತ ಹಿಂದೆ ಸರಿಯುತ್ತಾರೆ. ಮೇಲಧಿಕಾರಿಯ ಮುಂದೆ ಸಿಟ್ಟು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಕನ್ನಡದಲ್ಲಿ ಇಲ್ಲಿ ಎರಡು ಗುಂಡಿಗಳಿವೆ. ಒಂದು ‘ಅಲ್ವಾ?’. “ನಿಮಗೆ ಕೆಲಸ ಜಾಸ್ತಿ ಆಗಿದೆ, ಅಲ್ವಾ?” ಅಂದರೆ ಎದುರಿನವರಿಗೆ ಹೌದು ಅನ್ನದೆ ಗತಿಯಿಲ್ಲ. ಮೇಲಿನವರು ‘ಅಲ್ವಾ’ ಅಂದಾಗ ‘ಅಲ್ಲ’ ಅನ್ನುವುದು ಎದುರು ಮಾತಾಡಿದ ಹಾಗೆ. ಅದರ ಬದಲು “ನನಗೆ ಹೀಗೆ ಅರ್ಥ ಆಯ್ತು, ತಪ್ಪಿದ್ರೆ ತಿದ್ದಿ” ಅಂದರೆ ತಿದ್ದುವುದೇ ಅವರಿಗೆ ವಹಿಸಿದ ಕೆಲಸವಾಗುತ್ತದೆ, ಎದುರಾಡಿದ ಅಳುಕು ಇರುವುದಿಲ್ಲ. ಇನ್ನೊಂದು ‘ಅಂತೆ’. “ಏನೋ ಕಷ್ಟ ಆಗ್ತಿದೆಯಂತೆ” ಅಂತ ಎದುರಿಗಿರುವವರಿಗೇ ಹೇಳುವವರಿದ್ದಾರೆ. ಆ ಒಂದು ಪ್ರತ್ಯಯ ಮಾತನ್ನು ಊರ ಸುದ್ದಿ ಮಾಡಿ ದೂರ ನಿಲ್ಲಿಸುತ್ತದೆ.

ತಿರುಗಿ ಹೇಳಿದ್ದು ತಾಗಿತೋ ಇಲ್ಲವೋ ತಿಳಿಯುವುದು ಮುಂದಿನ ಮಾತಿನಿಂದ. “ಹೌದು ಸಾರ್, ಅದೂ ಅಲ್ದೆ…” ಎಂದು ಮಾತು ಬೆಳೆದರೆ ತಾಗಿದೆ. “ಅಲ್ಲ ಸಾರ್, ಅದಲ್ಲ ವಿಷಯ” ಅಂದರೂ ತಾಗಿದೆ. ತಿದ್ದುವಷ್ಟು ಧೈರ್ಯ ಬಂದಿದೆ, ಸರಿಯಾದದ್ದು ಈಗ ಬರುತ್ತದೆ. ಬರೀ “ಹ್ಞೂ ಸಾರ್” ಅಂದು ನಿಂತರೆ ತಾಗಿಲ್ಲ, ಇನ್ನೊಂದು ಸುತ್ತು ಬೇಕು. ತಪ್ಪಾಗಿ ತಿರುಗಿ ಹೇಳುವ ಭಯದಿಂದ ಇದನ್ನು ಮಾಡದೇ ಬಿಡುವವರು ಬಹಳ. ಆ ಭಯ ಬೇಡ. ಪ್ರಾಮಾಣಿಕವಾದ ತಪ್ಪು ಊಹೆ ಎಷ್ಟೋ ಸಲ ಸರಿಯಾದ ಊಹೆಗಿಂತ ಬೇಗ ಬಾಗಿಲು ತೆಗೆಸುತ್ತದೆ.

ಪ್ರಶ್ನೆಯ ವಿಷಯದಲ್ಲಿ ಕನ್ನಡ ನಮಗೆ ಒಂದು ಒಳ್ಳೆಯ ಅಳತೆಗೋಲು ಕೊಟ್ಟಿದೆ. ಪ್ರಶ್ನೆಯ ಕೊನೆಯಲ್ಲಿ ‘ಆ’ ಎಂದು ಎಳೆದರೆ ಅದು ಮುಚ್ಚಿದ ಪ್ರಶ್ನೆ: ಮುಗೀತಾ, ಬಂದ್ರಾ, ಕೊಟ್ರಾ, ಕಷ್ಟ ಆಗ್ತಿದ್ಯಾ. ಉತ್ತರ ಒಂದು ಪದ. ಕೊನೆಗೆ ‘ಓ’ ಬಂದರೆ ಅದೂ ಮುಚ್ಚಿದ್ದೇ: ಕೆಲಸ ಜಾಸ್ತಿಯೋ, ಸಂಬಳ ಕಡಿಮೆಯೋ? ನಮ್ಮ ತಲೆಯಲ್ಲಿದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ಆರಿಸು ಅಂದ ಹಾಗೆ. ಏನು, ಹೇಗೆ ಎಂದು ಶುರುವಾಗಿ ಕೊನೆಗೆ ‘ಹೇಳಿ’ ಎಂದು ನಿಂತರೆ ಅದು ತೆರೆದದ್ದು. ಅದರಲ್ಲೂ ಪದವನ್ನು ಎರಡು ಸಲ ಆಡುವ ನಮ್ಮ ರೂಢಿ ಬಹಳ ಕೆಲಸಕ್ಕೆ ಬರುತ್ತದೆ. “ಸಂಜೆ ಏನಾಗುತ್ತೆ?” ಅಂದರೆ ಒಂದು ಉತ್ತರ ಬರುತ್ತದೆ. “ಸಂಜೆ ಏನೇನಾಗುತ್ತೆ ಹೇಳಿ” ಅಂದರೆ ಒಂದರ ಹಿಂದೆ ಒಂದು ಬರುತ್ತದೆ, ಏಕೆಂದರೆ ಒಂದಕ್ಕಿಂತ ಹೆಚ್ಚು ಇದೆ ಎಂದು ಆ ಪದವೇ ಒಪ್ಪಿಕೊಂಡಿದೆ. ಯಾವ್ಯಾವಾಗ, ಯಾರ್ಯಾರು ಕೂಡ ಹಾಗೆಯೇ.

‘ಯಾಕೆ’ ಮಾತ್ರ ಜೋಪಾನ. ವ್ಯಾಕರಣದಲ್ಲಿ ಅದು ತೆರೆದ ಪ್ರಶ್ನೆ. ಆದರೆ ಮನೆಯಲ್ಲಿ, ಶಾಲೆಯಲ್ಲಿ ನಾವು ‘ಯಾಕೆ’ ಕೇಳಿಸಿಕೊಂಡದ್ದೇ ಬೈಗುಳದ ಮೊದಲ ಪದವಾಗಿ. “ಯಾಕ್ ಲೇಟು?” ಅಂದರೆ ಕಾರಣ ಬರುವುದಿಲ್ಲ, ಸಮರ್ಥನೆ ಬರುತ್ತದೆ. “ಎಲ್ಲಿ ಹಿಡ್ಕೊಂತು?” ಅಂದರೆ ಕಾರಣವೇ ಬರುತ್ತದೆ, ಅದೂ ಜಾಗದ ಸಮೇತ.

ಈಗ ಮಂಜಣ್ಣನ ಹತ್ತಿರ ಹೋಗೋಣ. ಮ್ಯಾನೇಜರ್ ವಯಸ್ಸಿನಲ್ಲಿ ಚಿಕ್ಕವರು, ಹಾಗಾಗಿ ಅಣ್ಣ ಎಂದೇ ಕರೆಯುತ್ತಾರೆ, ನೀವು ಅನ್ನುತ್ತಾರೆ. ಮುಂದಿನ ಗದ್ದಿಗೆಯ ಹತ್ತಿರ ರೈತರು ಕೂತಿದ್ದಾರೆ. ಅಲ್ಲಿ ಈ ಮಾತು ಆಗುವುದಿಲ್ಲ. ಒಳಗೆ ಕರೆದು ಕುರ್ಚಿ ತೋರಿಸಿ, ಬಾಗಿಲು ಅರ್ಧ ಮುಂದೆ ಮಾಡುತ್ತಾರೆ. ಫೋನನ್ನು ಬೋರಲು ಹಾಕುತ್ತಾರೆ.

“ಸಾರ್, ಇನ್ ಮೇಲೆ ರಾತ್ರಿ ಬಿಲ್ ನನ್ ಕೈಲಿ ಆಗಲ್ಲ.”

ಒಂದು ಉಸಿರಿನ ಬಿಡುವು. “ಹ್ಞೂಂ. ರಾತ್ರಿ ಕೂತು ಬರೆಯೋದು ಕಷ್ಟ ಆಗಿಬಿಟ್ಟಿದೆ.” ಇದು ಹೇಳಿಕೆ. ಕೊನೆಗೆ ಧ್ವನಿ ಏರಿಲ್ಲ, ‘ಅಲ್ವಾ’ ಇಲ್ಲ.

“ಕಷ್ಟ ಅಂತಲ್ಲ ಸಾರ್. ಬರೀತೀನಿ. ಬರೆದೇ ಇಷ್ಟು ವರ್ಷ ಆತು. ಆದ್ರೆ ಹಿಂಗ ಆದ್ರ ಹೆಂಗ.”

ಮೊದಲ ಊಹೆ ತಪ್ಪಿತು, ಅವರು ತಿದ್ದಿದರು. ‘ಹಿಂಗ’ ಎಂಬ ಪದ ಮೇಜಿನ ಮೇಲೆ ಬಂದಿದೆ. ಅದರೊಳಗೆ ಏನಿದೆಯೋ ಗೊತ್ತಿಲ್ಲ. ಇಂಥ ಖಾಲಿ ಪದ ಸಿಕ್ಕಾಗ ಅದನ್ನು ಎತ್ತಿಕೊಂಡು ತೆರೆದ ಪ್ರಶ್ನೆ ಕೇಳಬೇಕು. ನಾವೇ ತುಂಬಬಾರದು.

“ಹಿಂಗ ಅಂದ್ರೆ ಸಂಜೆ ಏನೇನಾಗ್ತದೆ, ಸ್ವಲ್ಪ ಬಿಡಿಸಿ ಹೇಳಿ ಮಂಜಣ್ಣ.”

“ತೂಕದ ಚೀಟಿ ಎಲ್ಲ ಏಳಕ್ಕೇ ಬರ್ತಾವ ಸಾರ್, ಒಂದೇ ಕಟ್ಟು. ಇವತ್ತ ಮೂವತ್ತಾರು ಲಾಟ್. ಒಂದೊಂದಕ್ಕ ನಾಕ್ ನಿಮಿಷ ಹಿಡಿದ್ರೂ ಒಂಬತ್ತೂವರೆ ಹತ್ರ ಆಗ್ತೈತಿ. ನನ್ ಬಸ್ಸು ಒಂಬತ್ತಕ್ಕ.”

ಇಲ್ಲಿ ಹೆಚ್ಚಿನವರು ಜಾರುತ್ತಾರೆ. ಲೆಕ್ಕ ಸಿಕ್ಕಿತು, ಪರಿಹಾರ ಕಣ್ಣ ಮುಂದೆ ಕುಣಿಯುತ್ತಿದೆ: ಬೈಕಿನಲ್ಲಿ ಬಿಡಿಸೋಣ, ಹುಡುಗನನ್ನು ಕೊಡೋಣ. ಮ್ಯಾನೇಜರ್ ಹೇಳುವುದು ಇಷ್ಟೇ: “ಚೀಟಿ ಒಟ್ಟಿಗೆ ಏಳಕ್ಕೆ ಬರೋದ್ರಿಂದ ಎಲ್ಲ ಕೆಲಸ ಏಳರ ಮೇಲೆ ಬೀಳ್ತಿದೆ, ಬಸ್ಸು ತಪ್ತಿದೆ. ನನಗೆ ಹೀಗೆ ಅರ್ಥ ಆಯ್ತು, ತಪ್ಪಿದ್ರೆ ತಿದ್ದಿ.”

“ಬರೋಬ್ಬರಿ ಸಾರ್.”

ಮತ್ತೆ ಬಿಡುವು. ಈ ಸಲ ಅದು ಉತ್ತರದ ನಂತರದ ಬಿಡುವು. ಮಂಜಣ್ಣ ಟೀ ಲೋಟ ತಿರುಗಿಸುತ್ತಾರೆ. ನಾಲ್ಕು ಸೆಕೆಂಡ್ ಆಗಿರಬಹುದು.

“ಅದೂ ಅಲ್ದೆ, ಅವಸರದಾಗ ಬರೆದ್ರ ತಪ್ಪು ಆಗೇ ಆಗ್ತೈತಿ. ಹೋದ ವಾರ ಆತಲ್ಲ ಸಾರ್.”

ಇದೇ ಆ ಎರಡನೆಯ ವಾಕ್ಯ. ಹೋದ ವಾರ ಒಂದು ಬಿಲ್ಲಿನಲ್ಲಿ ತೂಕ ತಪ್ಪಾಗಿ, ಮ್ಯಾನೇಜರ್ ರೈತರ ಮುಂದೆಯೇ “ಕಣ್ಣು ಕಾಣಲ್ವೇನ್ರಿ” ಅಂದಿದ್ದರು. ಮಂಜಣ್ಣ ಆ ಮಾತನ್ನು ಎತ್ತಿ ಆಡುವುದಿಲ್ಲ, ಅದರ ಹತ್ತಿರ ಬಂದು ನಿಂತಿದ್ದಾರೆ. ಇಲ್ಲಿ ಪ್ರಶ್ನೆ ಬೇಡ. “ಹೋದ ವಾರ ಏನಾಯ್ತು?” ಅಂತ ಕೇಳಿದರೆ ಅವಮಾನವನ್ನು ಅವರ ಬಾಯಿಂದಲೇ ಹೇಳಿಸಿದಂತೆ. ಇದು ಮನಸ್ಸಿನ ಪದರ ತಿರುಗಿ ಹೇಳುವ ಜಾಗ.

“ನಾಲ್ಕು ಜನರ ಮುಂದೆ ನಾನು ಹಾಗೆ ಅಂದದ್ದು ನಿಮಗೆ ನೋವಾಗಿದೆ.”

“…ಊರವರೇ ಇದ್ರು ಸಾರ್ ಅವತ್ತು.”

“ಅನ್ನಬಾರದಿತ್ತು. ತಪ್ಪು ನಂದು.” ಇಷ್ಟೇ. ‘ಆದ್ರೆ ಬಿಲ್ ತಪ್ಪಾಗಿತ್ತಲ್ಲ’ ಎಂಬ ಬಾಲ ಸೇರಿಸಿದರೆ ಆ ‘ಆದ್ರೆ’ ಹಿಂದಿನದ್ದೆಲ್ಲವನ್ನೂ ಅಳಿಸುತ್ತದೆ. ಬಿಲ್ಲಿನ ತಪ್ಪನ್ನು ನಾಳೆ ಮಾತಾಡಬಹುದು.

ಇನ್ನು ಉಳಿದದ್ದು ಚೀಟಿ. “ಚೀಟಿ ಒಟ್ಟಿಗೇ ಬರೋ ಹಾಗೆ ಹೇಗಾಯ್ತು, ನೆನಪಿದ್ಯಾ?” ಅಂತ ಕೇಳಿದರೆ ಕೊನೆಯ ‘ಆ’ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ, “ಇಲ್ಲ ಸಾರ್” ಅಂತ ತಪ್ಪಿಸಿಕೊಳ್ಳಬಹುದು. ಹಾಗಾಗಿ: “ಚೀಟಿ ಒಟ್ಟಿಗೆ ಬರೋದು ಹೇಗೆ ಶುರುವಾಯ್ತು ಹೇಳಿ.”

ಉದ್ದನೆಯ ಮೌನ. “ನೀವೇ ಹೇಳಿದ್ರಿ ಸಾರ್. ಬಿಡಿಬಿಡಿ ತಂದ್ರೆ ಕಳೀತಾವ, ಎಲ್ಲ ಮುಗಿದ ಮೇಲೆ ಒಂದೇ ಕಟ್ಟು ಮಾಡಿ ಕೊಡು ಅಂತ ತೂಕದವನಿಗೆ.”

ರಾತ್ರಿ ಬಿಲ್ ಆಗಲ್ಲ ಎಂಬ ವಾಕ್ಯ ಯಾಕೆ ಅಷ್ಟು ಮೊಂಡಾಗಿ ಬಂದಿತ್ತು ಎಂಬುದು ಈಗ ಕಾಣುತ್ತದೆ. ತೊಂದರೆಯ ಬೇರು ಮ್ಯಾನೇಜರ್ ಕೊಟ್ಟ ಆದೇಶದಲ್ಲೇ ಇತ್ತು. ಅದನ್ನು ಅವರಿಗೇ ಹೇಳುವ ದಾರಿ ಮಂಜಣ್ಣನಿಗೆ ಇರಲಿಲ್ಲ. ಆದ್ದರಿಂದ ತಪ್ಪನ್ನು ತನ್ನ ಕೈಲಾಗದಿರುವಿಕೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೆಳಗಿನಿಂದ ಮೇಲೆ ಹೋಗುವ ದೂರುಗಳು ಎಷ್ಟೋ ಸಲ ಇದೇ ವೇಷದಲ್ಲಿ ಬರುತ್ತವೆ.

ಪರಿಹಾರ ಈಗ ಎರಡು ನಿಮಿಷದ ಕೆಲಸ, ಅದನ್ನೂ ಮಂಜಣ್ಣನೇ ಹೇಳುತ್ತಾರೆ: ಮಧ್ಯಾಹ್ನ ಎರಡು ಸಲ, ಕೊನೆಗೆ ಒಂದು ಸಲ, ಹನ್ನೆರಡರಂತೆ ಚೀಟಿ ಬರಲಿ. ಕಳೆಯದ ಹಾಗೆ ಕ್ಲಿಪ್ ಹಾಕಿ ಒಂದು ವಹಿಯಲ್ಲಿ ಸಹಿ ಮಾಡಿ ತಗೊಳ್ತೀನಿ. ಹಾಗಾದರೆ ಏಳರ ನಂತರ ಉಳಿಯುವುದು ಹನ್ನೆರಡು ಬಿಲ್, ನಲವತ್ತೆಂಟು ನಿಮಿಷ. ಎಂಟರೊಳಗೆ ಕೆಲಸ ಮುಗಿಯುತ್ತದೆ. ಹುಡುಗ ಬೇಕಿಲ್ಲ, ಬೈಕೂ ಬೇಕಿಲ್ಲ. ಇಡೀ ಮಾತಿಗೆ ಹಿಡಿದದ್ದು ಹತ್ತು ನಿಮಿಷದೊಳಗೆ. ಮ್ಯಾನೇಜರ್ ಆಡಿದ್ದು ಹತ್ತು ವಾಕ್ಯವೂ ಇರಲಿಕ್ಕಿಲ್ಲ.

ಈ ವಿದ್ಯೆ ಸಲ್ಲದ ಜಾಗಗಳೂ ಇವೆ. ಚೀಲದ ಅಟ್ಟಿ ವಾಲುತ್ತಿರುವಾಗ “ನಿಮಗೆ ಭಯವಾಗಿದೆ ಅಂತ ನನಗೆ ಅರ್ಥವಾಗುತ್ತಿದೆ” ಅನ್ನುವವರು ಯಾರೂ ಬೇಡ. ಅಲ್ಲಿ ಆಜ್ಞೆ ಬೇಕು. ಹೆಚ್ಚೆಂದರೆ ಹೇಳಿದ್ದನ್ನು ಹಾಗೇ ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು, “ಎಡಗಡೆ ಅಟ್ಟಿ, ಎಲ್ಲರೂ ಹೊರಗೆ” ಅಂತ. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವನ್ನು ಫೋನಿನಲ್ಲಿ ಕೇಳಿಸಿಕೊಂಡಾಗಲೂ ಅಷ್ಟೇ, ನಮ್ಮ ಮಾತಿನಲ್ಲಿ ಅಲ್ಲ, ಅಕ್ಷರಕ್ಕೆ ಅಕ್ಷರ ತಿರುಗಿ ಹೇಳಬೇಕು.

ಲೈಂಗಿಕ ಕಿರುಕುಳದ ದೂರು ಹೇಳಲು ಯಾರಾದರೂ ಬಂದರೆ ತೆರೆದ ಪ್ರಶ್ನೆಗಳಿಂದ ವಿವರ ಬಗೆಯಲು ಹೋಗುವುದು ತಪ್ಪು. ಅವರು ತಾವಾಗಿ ಹೇಳಿದಷ್ಟನ್ನು ಕೇಳಿ, “ಇದನ್ನು ನೀವು ನನಗೆ ಹೇಳಿದ್ದು ಸರಿಯಾಯ್ತು” ಅಂದು, ಮುಂದಿನ ದಾರಿ ತೋರಿಸಬೇಕು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಮಂಡಿ, ಅಂಗಡಿಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಮೇಲ್ವಿಚಾರಕರು ಎಷ್ಟೇ ಒಳ್ಳೆಯ ಕೇಳುಗರಾದರೂ ಆ ವಿಚಾರಣೆ ಅವರದಲ್ಲ.

ಇನ್ನೊಂದು ಕೇಡು ಎಲ್ಲಕ್ಕಿಂತ ದೊಡ್ಡದು ಅಂತ ನನ್ನ ಎಣಿಕೆ. ಚೆನ್ನಾಗಿ ಕೇಳಿಸಿಕೊಂಡು, ತಿರುಗಿ ಹೇಳಿ, ಟೀ ಕುಡಿಸಿ ಕಳಿಸಿ, ಆಮೇಲೆ ಏನೂ ಬದಲಾಗದಿರುವುದು. ಕೇಳಿಸಿಕೊಂಡದ್ದಕ್ಕೆ ಒಪ್ಪಬೇಕೆಂದಿಲ್ಲ. “ಸೀಸನ್ ಮುಗಿಯೋವರೆಗೆ ಇದು ನನ್ನಿಂದ ಆಗಲ್ಲ” ಎಂದು ಕಾರಣ ಸಮೇತ ಹೇಳಬಹುದು, ಅದನ್ನೂ ಜನ ಮರ್ಯಾದೆಯಿಂದ ತೆಗೆದುಕೊಳ್ಳುತ್ತಾರೆ. ಆದರೆ ಮನಸ್ಸು ಬಿಚ್ಚಿಸಿ ಮರೆತುಬಿಟ್ಟರೆ, ಮುಂದಿನ ಸಲ ಆ ವ್ಯಕ್ತಿ ಬಾಗಿಲ ತನಕವೂ ಬರುವುದಿಲ್ಲ. ಹಾಗಾಗಿ ಅವರು ಎದ್ದು ಹೋಗುವ ಮೊದಲು ಒಂದೇ ಒಂದು ಸಂಗತಿ ಗೊತ್ತಾಗಿರಬೇಕು: ಯಾರು, ಏನನ್ನು, ಯಾವತ್ತಿನಿಂದ. ನಮ್ಮ ‘ಮಾಡೋಣ’, ‘ನೋಡೋಣ’ಗಳಲ್ಲಿ ಮಾಡುವವರು ಯಾರೆಂದೇ ಇರುವುದಿಲ್ಲ. “ನಾಳೆ ಬೆಳಿಗ್ಗೆ ತೂಕದವನಿಗೆ ನಾನು ಹೇಳ್ತೀನಿ” ಎಂಬುದರಲ್ಲಿ ಮೂರೂ ಇದೆ.

ಮರಳಿ ವಿಚಾರಿಸುವ ದಿನವೂ ಇರಬೇಕು, ಮೂರು ನಾಲ್ಕು ದಿನದೊಳಗೆ. ಆಗ ಮುಚ್ಚಿದ ಪ್ರಶ್ನೆಯೇ ಸರಿ, ತಿಳಿಯಬೇಕಾದದ್ದು ಹೌದೋ ಇಲ್ಲವೋ ಅಷ್ಟೇ. ಗುರುವಾರ ಸಂಜೆ ಮ್ಯಾನೇಜರ್ ಗದ್ದಿಗೆಯ ಪಕ್ಕ ಹಾದುಹೋಗುವಾಗ ಕೇಳುತ್ತಾರೆ: “ಮಂಜಣ್ಣ, ಚೀಟಿ ಮೂರು ಸಲ ಬರ್ತಿದೆಯಾ?”

“ಎರಡು ಸಲ ಬಂತು ಸಾರ್. ಮೂರನೇದು ಇವತ್ತ ತೂಕದವನ ಹತ್ರ ಕೇಳಿದ್ದಕ್ಕ ಅವನು…”

ಕ್ರಿಯಾಪದ ಇನ್ನೂ ಬಂದಿಲ್ಲ. ಮ್ಯಾನೇಜರ್ ಕೈಯಲ್ಲಿದ್ದ ಬೈಕಿನ ಕೀಲಿ ಗದ್ದಿಗೆಯ ಮೇಲಿಟ್ಟು ಕಾಯುತ್ತಾರೆ.